‘ಟೈಪ್ 1 ಆದರೆ ಎರರ್ ಸೊನ್ನೆ’ ಎನ್ನುವ ಫಾರ್ವರ್ಡ್ ಎಷ್ಟು ನಿಜ? ಸೆನ್ಸರ್ ಸುಳ್ಳು ಹೇಳಿದಾಗ ಲೆಕ್ಕ ಹೇಗೆ ಬದಲಾಗುತ್ತದೆ?

ಎಂಜಿನಿಯರಿಂಗ್ ಓದುವವರು ಇರುವ ವಾಟ್ಸಾಪ್ ಗುಂಪುಗಳಲ್ಲಿ ಪರೀಕ್ಷೆ ಹತ್ತಿರ ಬಂದಾಗ ಒಂದು ಕೋಷ್ಟಕದ ಫೋಟೊ ಓಡಾಡುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ವಿಷಯದ್ದು. ಎಡಗಡೆ ಟೈಪ್ 0, ಟೈಪ್ 1, ಟೈಪ್ 2 ಎಂದು ಬರೆದಿರುತ್ತದೆ, ಮೇಲುಗಡೆ ಸ್ಟೆಪ್, ರ್‍ಯಾಂಪ್, ಪ್ಯಾರಾಬೋಲ. ಟೈಪ್ 1ರ ಮುಂದೆ, ಸ್ಟೆಪ್‌ನ ಕೆಳಗೆ ದೊಡ್ಡದಾಗಿ ಒಂದು ಸೊನ್ನೆ. ‘ಮೋಟಾರಿನಲ್ಲಿ ಒಂದು ಇಂಟಿಗ್ರೇಟರ್ ಇದ್ದರೆ ಸಾಕು, ಹೇಳಿದ ಜಾಗಕ್ಕೆ ಸರಿಯಾಗಿ ಹೋಗಿ ನಿಲ್ಲುತ್ತದೆ, ಎರರ್ ಸೊನ್ನೆ, ಕಣ್ಣು ಮುಚ್ಚಿ ಬರೆಯಿರಿ’ ಎನ್ನುವ ಒಕ್ಕಣೆಯೂ ಕೆಲವೊಮ್ಮೆ ಜೊತೆಗೆ ಬರುತ್ತದೆ.

ಇದು ಸುಳ್ಳೇ ಎಂದು ಕೇಳಿದರೆ, ಕೋಷ್ಟಕ ಸುಳ್ಳಲ್ಲ. ಆದರೆ ಅದರ ಮೇಲಿರಬೇಕಾದ ಒಂದು ಸಾಲು ಫೋಟೊ ತೆಗೆಯುವಾಗ ಕತ್ತರಿಸಿಹೋಗಿರುತ್ತದೆ: ‘ಯೂನಿಟಿ ಫೀಡ್‌ಬ್ಯಾಕ್ ಇದ್ದಾಗ ಮಾತ್ರ’. ಸೆನ್ಸರ್ ಇದ್ದದ್ದನ್ನು ಇದ್ದ ಹಾಗೆ ವರದಿ ಮಾಡುವಾಗ ಮಾತ್ರ ಆ ಕೋಷ್ಟಕ ನಡೆಯುತ್ತದೆ. ಸೆನ್ಸರ್ ಹತ್ತು ಪರ್ಸೆಂಟ್ ಕಡಿಮೆ ಹೇಳಿದರೂ ಅದೇ ಟೈಪ್ 1 ಮೋಟಾರು ತೊಂಬತ್ತು ಡಿಗ್ರಿಗೆ ಹೋಗು ಎಂದರೆ ನೂರು ಡಿಗ್ರಿಗೆ ಹೋಗಿ ನಿಲ್ಲುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕಂಟ್ರೋಲರ್‌ನ ಪರದೆಯ ಮೇಲೆ ಆಗಲೂ ‘ಎರರ್: 0’ ಎಂದೇ ಕಾಣುತ್ತದೆ. ಇದು ಹೇಗಾಗುತ್ತದೆ, ಲೆಕ್ಕದಲ್ಲಿ ಇದನ್ನು ಹಿಡಿಯುವುದು ಹೇಗೆ ಎಂದು ಈಗ ನೋಡೋಣ.

ಮೊದಲು ಅಕ್ಕಿ ತೂಗೋಣ

ಗಣಿತ ಬೇಡ ಎನ್ನುವವರಿಗೂ ಇದರ ತಿರುಳು ಅಂಗಡಿಯ ತಕ್ಕಡಿಯಲ್ಲಿ ಸಿಗುತ್ತದೆ. ಅಂಗಡಿಯವರು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಚೀಲ ಇಟ್ಟು, ಪರದೆಯಲ್ಲಿ 10 ಕಿಲೊ ಬರುವವರೆಗೆ ಅಕ್ಕಿ ಸುರಿಯುತ್ತಾರೆ. ಕಡಿಮೆ ಇದ್ದರೆ ಇನ್ನಷ್ಟು ಹಾಕುತ್ತಾರೆ, ಹೆಚ್ಚಾದರೆ ತೆಗೆಯುತ್ತಾರೆ. ಸರಿಯಾಗಿ 10 ಎಂದು ಕಾಣುವವರೆಗೂ ಬಿಡುವುದಿಲ್ಲ. ಎಷ್ಟು ಪ್ರಾಮಾಣಿಕರು, ಎಷ್ಟು ತಾಳ್ಮೆಯವರು! ಆದರೆ ತಕ್ಕಡಿ ಇದ್ದದ್ದಕ್ಕಿಂತ ಹತ್ತು ಪರ್ಸೆಂಟ್ ಕಡಿಮೆ ತೋರಿಸುತ್ತಿದ್ದರೆ ಚೀಲದಲ್ಲಿ 11 ಕಿಲೊಗಿಂತ ಸ್ವಲ್ಪ ಹೆಚ್ಚೇ ಅಕ್ಕಿ ಇರುತ್ತದೆ. ಯಾಕೆಂದರೆ 11.1 ಕಿಲೊದ ತೊಂಬತ್ತು ಪರ್ಸೆಂಟ್ 10 ಕಿಲೊ.

ಅಂಗಡಿಯವರ ತಾಳ್ಮೆಗೆ ಸಮನಾದದ್ದೇ ಇಂಟಿಗ್ರೇಟರ್. ವ್ಯತ್ಯಾಸ ಚೂರೇ ಚೂರು ಉಳಿದಿದ್ದರೂ ಅದು ಸುಮ್ಮನಿರುವುದಿಲ್ಲ, ತಳ್ಳುತ್ತಲೇ ಇರುತ್ತದೆ. ಹಾಗಾಗಿ ಕೊನೆಗೆ ಸೊನ್ನೆ ಆಗುವುದು ‘ಕೇಳಿದ್ದು’ ಮತ್ತು ‘ತಕ್ಕಡಿ ಹೇಳಿದ್ದು’ ಇವುಗಳ ನಡುವಿನ ವ್ಯತ್ಯಾಸ. ‘ಕೇಳಿದ್ದು’ ಮತ್ತು ‘ಚೀಲದಲ್ಲಿ ಇರುವುದು’ ಇವುಗಳ ನಡುವಿನ ವ್ಯತ್ಯಾಸ ಬೇರೆಯೇ ಸಂಗತಿ. ಗಿರಾಕಿಗೆ ಬೇಕಾದದ್ದು ಎರಡನೆಯದು. ಫಾರ್ವರ್ಡ್ ಹೇಳುತ್ತಿರುವುದು ಮೊದಲನೆಯದರ ಬಗ್ಗೆ. ತಕ್ಕಡಿ ಸರಿ ಇದ್ದಾಗ ಎರಡೂ ಒಂದೇ ಆಗುವುದರಿಂದ ಈ ಗೊಂದಲ ಕಣ್ಣಿಗೆ ಬೀಳುವುದೇ ಇಲ್ಲ.

ಒಂದು ಮೋಟಾರಿನ ಕಥೆ

ಈಗ ನಿಜವಾದ ಲೆಕ್ಕಕ್ಕೆ ಬರೋಣ. ಒಂದು ಸಣ್ಣ ಮೋಟಾರು ಕ್ಯಾಮೆರಾವನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತದೆ ಎಂದುಕೊಳ್ಳಿ. ಕ್ಯಾಮೆರಾ ಎಷ್ಟು ತಿರುಗಿದೆ ಎಂದು ತಿಳಿಯಲು ಅದರ ಅಕ್ಷಕ್ಕೆ ಒಂದು ಪೊಟೆನ್ಷಿಯೋಮೀಟರ್ ಜೋಡಿಸಿದೆ. ಹಳೇ ರೇಡಿಯೋದಲ್ಲಿ ಸದ್ದು ಏರಿಸಲು ತಿರುಗಿಸುತ್ತಿದ್ದ ಗುಂಡಿಯ ಒಳಗೆ ಇರುತ್ತಿತ್ತಲ್ಲ, ಅದೇ ವಸ್ತು. ಇದು 300 ಡಿಗ್ರಿ ತಿರುಗಿದರೆ 0ಯಿಂದ 5 ವೋಲ್ಟ್‌ವರೆಗೆ ಕೊಡುತ್ತದೆ ಎಂದು ಕಂಟ್ರೋಲರ್ ನಂಬಿದೆ. ಆ ನಂಬಿಕೆಯ ಪ್ರಕಾರ 90 ಡಿಗ್ರಿ ಎಂದರೆ 1.5 ವೋಲ್ಟ್.

ಆದರೆ ಜೋಡಿಸಿದವರು, ವೈರು ಉಲ್ಟಾ ಕೊಟ್ಟರೆ ಏನೂ ಸುಟ್ಟುಹೋಗದಿರಲಿ ಎಂಬ ಮುನ್ನೆಚ್ಚರಿಕೆಯಿಂದ, ಪೊಟೆನ್ಷಿಯೋಮೀಟರ್‌ಗೆ ಹೋಗುವ 5 ವೋಲ್ಟ್ ದಾರಿಯಲ್ಲಿ ಒಂದು ಡಯೋಡ್ ಹಾಕಿದ್ದಾರೆ. ಸಿಲಿಕಾನ್ ಡಯೋಡ್ ಸುಮಾರು ಅರ್ಧ ವೋಲ್ಟ್ ನುಂಗುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಸರಿಯಾಗಿ ಅರ್ಧವೇ ಎಂದಿಟ್ಟುಕೊಳ್ಳೋಣ. ಪೊಟೆನ್ಷಿಯೋಮೀಟರ್‌ಗೆ ಸಿಗುವುದು 4.5 ವೋಲ್ಟ್. ವೋಲ್ಟೇಜನ್ನು ಅಂಕಿಗೆ ಬದಲಿಸುವ ಚಿಪ್ ಮಾತ್ರ ಇನ್ನೂ 5 ವೋಲ್ಟ್ ಅಳತೆಗೋಲನ್ನೇ ಹಿಡಿದು ಕೂತಿದೆ. ಪರಿಣಾಮವಾಗಿ ಸೆನ್ಸರ್ ಪ್ರತಿ ಕೋನವನ್ನೂ ಅದರ 0.9ರಷ್ಟು ಎಂದು ವರದಿ ಮಾಡುತ್ತದೆ. ಕ್ಯಾಮೆರಾ 90 ಡಿಗ್ರಿಯಲ್ಲಿದ್ದರೆ ಬರುವುದು 1.35 ವೋಲ್ಟ್. ಕಂಟ್ರೋಲರ್ ಅದನ್ನು 81 ಡಿಗ್ರಿ ಎಂದು ಓದಿಕೊಂಡು, ‘ಇನ್ನೂ ಒಂಬತ್ತು ಡಿಗ್ರಿ ಬಾಕಿ ಇದೆ’ ಎಂದು ಮೋಟಾರನ್ನು ತಳ್ಳುತ್ತದೆ. 1.5 ವೋಲ್ಟ್ ಬಂದಾಗ ನಿಲ್ಲಿಸುತ್ತದೆ. ಆ ಹೊತ್ತಿಗೆ ಕ್ಯಾಮೆರಾ 100 ಡಿಗ್ರಿಯಲ್ಲಿ ಇರುತ್ತದೆ.

ಪಠ್ಯಪುಸ್ತಕದ ಭಾಷೆಯಲ್ಲಿ, ಕಂಟ್ರೋಲರ್ ಮತ್ತು ಮೋಟಾರು ಸೇರಿದ ಮುಂದಿನ ದಾರಿಗೆ G ಎಂದು, ಸೆನ್ಸರ್‌ನ ಹಿಂದಿನ ದಾರಿಗೆ H ಎಂದು ಹೆಸರು. ನಮ್ಮ ಮೋಟಾರಿಗೆ ಈ ಬೆಲೆಗಳನ್ನು ಇಟ್ಟುಕೊಳ್ಳೋಣ:

```
G(s) = 8 / (s(s+4))
H(s) = 0.9
```

G ಯ ಕೆಳಗಡೆ ಒಂಟಿಯಾಗಿ ನಿಂತಿರುವ s ಅನ್ನೇ ಇಂಟಿಗ್ರೇಟರ್ ಎನ್ನುವುದು. ಮೋಟಾರಿಗೆ ಇದು ಸಹಜವಾಗಿಯೇ ಬರುತ್ತದೆ. ವೋಲ್ಟೇಜ್ ಕೊಟ್ಟರೆ ಮೋಟಾರು ವೇಗ ಪಡೆಯುತ್ತದೆ, ವೇಗ ಕೂಡುತ್ತಾ ಹೋದಂತೆ ಕೋನ ಬೆಳೆಯುತ್ತದೆ. ಒಂದು s ಇರುವುದರಿಂದ ಇದು ಟೈಪ್ 1. ಕೋಷ್ಟಕ ನೋಡಿದವರು ಇಲ್ಲಿಗೇ ಪೆನ್ನು ಕೆಳಗಿಟ್ಟು, ಸ್ಟೆಪ್‌ಗೆ ಎರರ್ ಸೊನ್ನೆ ಎಂದು ಬರೆದುಬಿಡುತ್ತಾರೆ. ಕೆಲವರು ಇನ್ನಷ್ಟು ಎಚ್ಚರಿಕೆಯಿಂದ G ಮತ್ತು H ಎರಡನ್ನೂ ಗುಣಿಸಿ ಕೋಷ್ಟಕಕ್ಕೆ ಹಾಕುತ್ತಾರೆ. ಅಲ್ಲಿಯೂ ಒಂದು s ಉಳಿಯುವುದರಿಂದ ಮತ್ತೆ ಸೊನ್ನೆಯೇ ಬರುತ್ತದೆ. ಈ ಎರಡನೆಯ ಸೊನ್ನೆ ತಪ್ಪಲ್ಲ, ಆದರೆ ಅದು ಅಕ್ಕಿ ಅಂಗಡಿಯ ಸೊನ್ನೆ. ಕೇಳಿದ್ದಕ್ಕೂ ಸೆನ್ಸರ್ ಹೇಳಿದ್ದಕ್ಕೂ ಇರುವ ವ್ಯತ್ಯಾಸ ಅದು. ಪುಸ್ತಕಗಳು ಇದನ್ನು ಆಕ್ಚುಯೇಟಿಂಗ್ ಸಿಗ್ನಲ್ ಎಂದು ಕರೆದು ಎರರ್‌ನಿಂದ ಬೇರೆಯಾಗಿ ಇಡುತ್ತವೆ.

ವರದಿ = ನಿಜ + ಸುಳ್ಳು

ಕೋಷ್ಟಕ ಬಳಸಬೇಕೆಂದರೆ ಲೂಪನ್ನು ಮೊದಲು ಯೂನಿಟಿ ಫೀಡ್‌ಬ್ಯಾಕ್ ಆಗಿ ಬದಲಿಸಬೇಕು. ಇದಕ್ಕೆ ಇರುವ ಉಪಾಯ ಬಹಳ ಸರಳ, ಫಾರ್ವರ್ಡ್‌ಗಳನ್ನು ದಿನವೂ ನೋಡುವ ನಮಗಂತೂ ಚೆನ್ನಾಗಿ ಪರಿಚಯದ್ದು. ಬಂದ ಸಂದೇಶದಲ್ಲಿ ನಿಜ ಎಷ್ಟು, ಅದರ ಮೇಲೆ ಸೇರಿಸಿದ್ದು ಅಥವಾ ಕಳೆದದ್ದು ಎಷ್ಟು ಎಂದು ಬಿಡಿಸಿ ನೋಡುವುದು.

ಸೆನ್ಸರ್‌ನ ವರದಿ ನಿಜವಾದ ಕೋನದ 0.9ರಷ್ಟು. ಇದನ್ನು ಹೀಗೆ ಒಡೆಯಬಹುದು: ಒಂದು ಪೂರ್ತಿ ನಿಜ, ಅದರಿಂದ 0.1ರಷ್ಟು ಕಳೆದದ್ದು. ಅಂದರೆ H ಅನ್ನು 1 ಮತ್ತು H−1 ಎಂದು ಎರಡು ಪಾಲು ಮಾಡಿದೆವು. ಚಿತ್ರದಲ್ಲಿ ಹಿಂದಕ್ಕೆ ಹೋಗುವ ಒಂದು ದಾರಿಯ ಬದಲು ಎರಡು ದಾರಿ ಬರೆದ ಹಾಗೆ ಇದು. ಒಂದು ದಾರಿಯಲ್ಲಿ ನಿಜವಾದ ಕೋನ ಹಾಗೇ ಹಿಂದಕ್ಕೆ ಹೋಗುತ್ತದೆ. ಇನ್ನೊಂದರಲ್ಲಿ ಸುಳ್ಳಿನ ಪಾಲಾದ H−1, ನಮ್ಮ ಲೆಕ್ಕದಲ್ಲಿ −0.1, ಹೋಗುತ್ತದೆ. ಎರಡೂ ಅದೇ ಜಾಗದಲ್ಲಿ ಸೇರುವುದರಿಂದ ಒಟ್ಟು ಲೂಪಿನಲ್ಲಿ ಏನೂ ಬದಲಾಗಿಲ್ಲ.

ಈಗ ಸುಳ್ಳಿನ ದಾರಿಯನ್ನು G ಯ ಜೊತೆಗೆ ಕಟ್ಟಿ ಒಂದೇ ಪೆಟ್ಟಿಗೆಯೊಳಗೆ ಮುಚ್ಚಿಬಿಡಿ. ಹೊರಗಿನಿಂದ ನೋಡಿದವರಿಗೆ ಒಂದು ಹೊಸ ಮೋಟಾರು, ಅದರ ಸುತ್ತ ಶುದ್ಧವಾದ ಯೂನಿಟಿ ಫೀಡ್‌ಬ್ಯಾಕ್ ಕಾಣುತ್ತದೆ. ಒಳಗಿನ ಸಣ್ಣ ಲೂಪಿಗೆ ಎಲ್ಲರಿಗೂ ಗೊತ್ತಿರುವ ಸೂತ್ರವನ್ನೇ ಹಾಕಿದರೆ ಹೊಸ ಮೋಟಾರಿನ ಲೆಕ್ಕ ಸಿಗುತ್ತದೆ:

```
Ge = G / (1 + G(H - 1)) = G / (1 + GH - G)
```

ನಮ್ಮ ಬೆಲೆಗಳನ್ನು ಹಾಕೋಣ. H−1 ಎಂದರೆ −0.1. ಮೇಲೂ ಕೆಳಗೂ s(s+4) ರಿಂದ ಗುಣಿಸಿದರೆ:

```
Ge = 8 / (s(s+4) - 0.8) = 8 / (s^2 + 4s - 0.8)
```

ಕೆಳಗಡೆ ಒಂಟಿ s ಎಲ್ಲಿ ಹೋಯಿತು? ಕಾಣೆಯಾಗಿದೆ. ಸುಳ್ಳಿನ ದಾರಿ ಇಂಟಿಗ್ರೇಟರ್ ಅನ್ನು ತಿಂದುಹಾಕಿದೆ. ಟೈಪ್ 1 ಎಂದು ನಾವು ನಂಬಿದ್ದ ವ್ಯವಸ್ಥೆ ನಿಜವಾಗಿ ಟೈಪ್ 0. ಕೋಷ್ಟಕ ತೆರೆಯಬೇಕಾದದ್ದು ಈಗ, ಮೊದಲಲ್ಲ. ಟೈಪ್ 0ಗೆ ಸ್ಟೆಪ್ ಎರರ್ ಎಂದರೆ 1/(1+Kp). ಇಲ್ಲಿ Kp ಎಂದರೆ s ಸೊನ್ನೆಯಾದಾಗ Ge ಯ ಬೆಲೆ:

```
Kp  = 8 / (-0.8) = -10
ess = 1 / (1 - 10) = -1/9
```

ಎರರ್ ಮೈನಸ್ ಒಂಬತ್ತನೇ ಒಂದು ಭಾಗ. 90 ಡಿಗ್ರಿ ಕೇಳಿದಾಗ ಅದು ಮೈನಸ್ 10 ಡಿಗ್ರಿ. ಮೈನಸ್ ಎಂದರೆ ಕ್ಯಾಮೆರಾ ಗುರಿಯನ್ನು ದಾಟಿ ಹೋಗಿದೆ, 100ರಲ್ಲಿ ನಿಂತಿದೆ. ಡಯೋಡ್ ಲೆಕ್ಕದಿಂದ ಬಂದ ಉತ್ತರವೂ ಇದೇ ಆಗಿತ್ತು.

ಈ ಮೈನಸ್ 10 ಕಂಡು ಗಾಬರಿಪಟ್ಟು, ಎಲ್ಲೋ ತಪ್ಪಾಗಿದೆ ಎಂದು ಲೆಕ್ಕ ಹೊಡೆದುಹಾಕುವವರು ಬಹಳ. ಕೋಷ್ಟಕದಲ್ಲಿ Kp ಯಾವಾಗಲೂ ಪ್ಲಸ್ ಇರುವುದನ್ನೇ ನೋಡಿ ಅಭ್ಯಾಸವಾಗಿರುತ್ತದೆ. ಇನ್ನು ಕೆಲವರು Ge ಯ ಕೆಳಗಿನ −0.8 ನೋಡಿ, ಇದಕ್ಕೆ +0.19ರ ಹತ್ತಿರ ಒಂದು ಪೋಲ್ ಇದೆ, ವ್ಯವಸ್ಥೆ ಅಸ್ಥಿರ, ಕೈಮೀರಿ ಓಡುತ್ತದೆ ಎನ್ನುತ್ತಾರೆ. ಪೋಲ್ ಇರುವುದು ನಿಜ. ಆದರೆ Ge ಎನ್ನುವುದು ಕಾಗದದ ಮೇಲಿನ ಪೆಟ್ಟಿಗೆ, ಅದನ್ನು ಬಿಡಿಯಾಗಿ ಯಾರೂ ಚಾಲೂ ಮಾಡುವುದಿಲ್ಲ. ಸ್ಥಿರತೆಯನ್ನು ಇಡೀ ಲೂಪಿಗೆ ನೋಡಬೇಕು. ಯೂನಿಟಿ ಲೂಪ್ ಮುಚ್ಚಿದರೆ ಕೆಳಗೆ ಬರುವುದು s^2 + 4s + 7.2, ಮೂಲ G ಮತ್ತು 0.9 ಹಾಕಿ ನೋಡಿದರೂ ಅದೇ. ಎಲ್ಲಾ ಸಂಖ್ಯೆಗಳೂ ಪ್ಲಸ್ ಇರುವುದರಿಂದ ಈ ಎರಡನೇ ದರ್ಜೆಯ ಲೂಪ್ ಸ್ಥಿರವಾಗಿದೆ. ಎರರ್ ಲೆಕ್ಕ ಮಾಡುವ ಮೊದಲು ಈ ಪರಿಶೀಲನೆ ಬೇಕೇ ಬೇಕು. ಲೂಪ್ ಸ್ಥಿರವಾಗಿಲ್ಲದಿದ್ದರೆ ಅಂತಿಮ ಬೆಲೆಯ ಸೂತ್ರ ಆಗಲೂ ಒಂದು ಅಂಕಿ ಕೊಡುತ್ತದೆ, ಆದರೆ ಆ ಅಂಕಿಗೆ ಅರ್ಥವೇ ಇರುವುದಿಲ್ಲ.

‘ಗೇನ್ ಜಾಸ್ತಿ ಮಾಡಿ ನೋಡಿ’

ಎರರ್ ಇದೆ ಎಂದ ಕೂಡಲೇ ಸಿಗುವ ಸಲಹೆ ಇದು. ಟೈಪ್ 0 ವ್ಯವಸ್ಥೆಯಲ್ಲಿ ಗೇನ್ ಏರಿಸಿದರೆ ಎರರ್ ಇಳಿಯುತ್ತದೆ ಎಂದು ಅದೇ ಕೋಷ್ಟಕ ಹೇಳುವುದರಿಂದ ಸಲಹೆ ಸರಿ ಎಂದೇ ಅನಿಸುತ್ತದೆ. ನಮ್ಮ ಮೋಟಾರಿಗೆ ಮಾಡಿ ನೋಡೋಣ. 8 ಇದ್ದಲ್ಲಿ 16 ಹಾಕಿ. ಮೇಲೆ 16 ಆಗುತ್ತದೆ, ಆದರೆ ಕೆಳಗಿನ −0.8 ಕೂಡ −1.6 ಆಗುತ್ತದೆ. ಭಾಗಿಸಿದರೆ ಮತ್ತೆ −10. ಎರರ್ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಲೂಪ್ ಸ್ಥಿರವಾಗಿಯೇ ಉಳಿಯುವಂತೆ ಕಂಟ್ರೋಲರ್‌ನಲ್ಲಿ ಇನ್ನೊಂದು ಇಂಟಿಗ್ರೇಟರ್ ಸೇರಿಸಿದರೂ ಕ್ಯಾಮೆರಾ ನೂರಕ್ಕೇ ಹೋಗುತ್ತದೆ. ಅಂಗಡಿಯವರು ಎಷ್ಟೇ ಸೂಕ್ಷ್ಮವಾಗಿ, ಕಾಳುಕಾಳಾಗಿ ಅಕ್ಕಿ ಹಾಕಿದರೂ ತಕ್ಕಡಿ ಸರಿಹೋಗುವುದಿಲ್ಲವಲ್ಲ, ಹಾಗೆ.

ಸರಿಯಾದ ಪರಿಹಾರ ಇರುವುದು ಹಿಂದಿನ ದಾರಿಯಲ್ಲಿ. ಡಯೋಡ್ ತೆಗೆಯಬಹುದು. ಇಲ್ಲವೇ ಪೊಟೆನ್ಷಿಯೋಮೀಟರ್‌ಗೆ ಸಿಗುವ 4.5 ವೋಲ್ಟನ್ನೇ ಅಳೆಯುವ ಚಿಪ್‌ಗೂ ಅಳತೆಗೋಲಾಗಿ ಕೊಡಬಹುದು. ಇದು ನಮಗೆ ಹೆಚ್ಚು ಇಷ್ಟವಾದ ದಾರಿ. ಆಗ ಬಿಸಿಲಿಗೆ ಡಯೋಡ್ ಕಾದು ವೋಲ್ಟೇಜ್ ಸ್ವಲ್ಪ ಹೆಚ್ಚುಕಡಿಮೆ ಆದರೂ ಎರಡೂ ಕಡೆ ಒಟ್ಟಿಗೇ ಬದಲಾಗುತ್ತದೆ, ಅನುಪಾತ ಕೆಡುವುದಿಲ್ಲ. ಮೂರನೆಯದು, ಬರುವ ಆಜ್ಞೆಯನ್ನೇ ಮೊದಲು 0.9ರಿಂದ ಗುಣಿಸಿ ಲೂಪಿಗೆ ಕೊಡುವುದು. 90ಕ್ಕೆ 81 ಎಂದು ಹೇಳಿದರೆ ಕ್ಯಾಮೆರಾ 90ಕ್ಕೆ ನಿಲ್ಲುತ್ತದೆ. ಕೆಲಸ ನಡೆಯುತ್ತದೆ, ಆದರೆ ನಾಳೆ ಯಾರೋ ಡಯೋಡ್ ಬದಲಿಸಿದರೆ ಈ ಗುಣಾಕಾರವೇ ಹೊಸ ತಪ್ಪಾಗುತ್ತದೆ.

ಕಂಡುಹಿಡಿಯುವುದು ಹೇಗೆ?

ಪರದೆ ನೋಡಿ ಕಂಡುಹಿಡಿಯಲು ಆಗುವುದಿಲ್ಲ, ಯಾಕೆಂದರೆ ಪರದೆಗೂ ಮಾಹಿತಿ ಬರುವುದು ಅದೇ ಸೆನ್ಸರ್‌ನಿಂದ. ಲೂಪಿಗೆ ಸಂಬಂಧವೇ ಇಲ್ಲದ ಇನ್ನೊಂದು ಅಳತೆ ಬೇಕು. ಕ್ಯಾಮೆರಾಗೆ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಸಾಕು.

ಒಂದೇ ಕೋನದಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ. 30, 60, 90 ಹೀಗೆ ಮೂರು ಕಡೆ ಕಳಿಸಿ ಅಳೆಯಿರಿ. ಕ್ಯಾಮೆರಾ 33, 67, 100ರ ಹತ್ತಿರ ನಿಂತರೆ ಎರರ್ ಕೋನದ ಜೊತೆಗೇ ಬೆಳೆಯುತ್ತಿದೆ, ಅಂದರೆ H ಒಂದಕ್ಕಿಂತ ಕಡಿಮೆ ಇದೆ. ಅದರ ಬದಲು 34, 64, 94 ಬಂದರೆ ಎಲ್ಲೆಡೆಯೂ ಅದೇ ನಾಲ್ಕು ಡಿಗ್ರಿ. ಅದು ಪೊಟೆನ್ಷಿಯೋಮೀಟರ್ ಅನ್ನು ಅಕ್ಷಕ್ಕೆ ಸ್ವಲ್ಪ ಓರೆಯಾಗಿ ಬಿಗಿದದ್ದರ ಗುರುತು, ಅದಕ್ಕೂ ಮೇಲಿನ ಸೂತ್ರಕ್ಕೂ ಸಂಬಂಧವಿಲ್ಲ, ಸ್ಕ್ರೂ ಸಡಿಲಿಸಿ ತಿರುಗಿಸಿದರೆ ಸರಿಹೋಗುತ್ತದೆ. ಎರಡು ಸಲ ಕಳಿಸಿದಾಗ ಎರಡು ಬೇರೆ ಬೇರೆ ಜಾಗದಲ್ಲಿ ನಿಂತರೆ ಗೇರಿನ ಹಲ್ಲುಗಳ ಸಡಿಲ ಅಥವಾ ಘರ್ಷಣೆಯನ್ನು ಅನುಮಾನಿಸಬೇಕು.

ಹಾಗಂತ H ಒಂದಲ್ಲದಿರುವುದೆಲ್ಲ ದೋಷ ಎಂದು ಹೇಳಿ ಇನ್ನೊಂದು ಫಾರ್ವರ್ಡ್ ಹುಟ್ಟುಹಾಕುವುದು ಬೇಡ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಟೆಲಿಫೋನ್ ಆಂಪ್ಲಿಫೈಯರ್‌ಗಳಿಗಾಗಿ ಯೋಚಿಸಿದ ನೆಗೆಟಿವ್ ಫೀಡ್‌ಬ್ಯಾಕ್‌ನಲ್ಲಿ H ಅನ್ನು ಬೇಕೆಂದೇ ಒಂದಕ್ಕಿಂತ ಬಹಳ ಸಣ್ಣದಾಗಿ ಇಡಲಾಗುತ್ತದೆ. ಹಿಂದಕ್ಕೆ ಹತ್ತನೇ ಒಂದು ಭಾಗ ಮಾತ್ರ ಕಳಿಸಿದರೆ ಮುಂದೆ ಹತ್ತು ಪಟ್ಟು ಹೊರಬರುತ್ತದೆ. ಅಲ್ಲಿ ಹತ್ತು ಪಟ್ಟು ಬರುವುದು ಎರರ್ ಅಲ್ಲ, ಅದಕ್ಕಾಗಿಯೇ ಆಂಪ್ಲಿಫೈಯರ್ ಕಟ್ಟಿದ್ದು. ಹಾಗೆಯೇ ಆಜ್ಞೆಯೂ ವೋಲ್ಟ್‌ನಲ್ಲಿ, ಸೆನ್ಸರೂ ವೋಲ್ಟ್‌ನಲ್ಲಿ ಇದ್ದು, ಎರಡೂ ಒಂದೇ ಪ್ರಮಾಣದಲ್ಲಿ ಡಿಗ್ರಿಯನ್ನು ವೋಲ್ಟ್‌ಗೆ ಬದಲಿಸುತ್ತಿದ್ದರೆ H ಎಷ್ಟೇ ಇರಲಿ ಕ್ಯಾಮೆರಾ ಸರಿಯಾದ ಜಾಗದಲ್ಲೇ ನಿಲ್ಲುತ್ತದೆ. ಡಿಗ್ರಿಯಿಂದ ವೋಲ್ಟ್ ಕಳೆಯಲು ಆಗುವುದಿಲ್ಲ. ಆದ್ದರಿಂದ Ge ಸೂತ್ರ ಹಾಕುವ ಮೊದಲು ಆಜ್ಞೆಯನ್ನೂ ಹೊರಬರುವುದನ್ನೂ ಒಂದೇ ಅಳತೆಗೆ ತಂದಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಕೆಲಸದ ಮೇಜಿನ ಮೇಲೆ ಮೊದಲು ಎಡವುವುದು ಇಲ್ಲೇ.

ಕೋಷ್ಟಕ ಉಲ್ಟಾ ಕಡೆಗೂ ತಪ್ಪುತ್ತದೆ ಎನ್ನುವುದು ಒಂದು ತಮಾಷೆಯ ಸಂಗತಿ. ಇಂಟಿಗ್ರೇಟರ್ ಇಲ್ಲದ ಒಂದು ಹೀಟರ್ ಇದೆ, ಅದರ G ಯ ಸ್ಥಿರ ಬೆಲೆ 10, ಸೆನ್ಸರ್ ಅದೇ 0.9 ಎಂದುಕೊಳ್ಳಿ. ಟೈಪ್ 0, ಹಾಗಾಗಿ ಎರರ್ ಉಳಿಯಲೇಬೇಕು ಎನ್ನುತ್ತದೆ ಕೋಷ್ಟಕ. ಲೆಕ್ಕ ಹಾಕಿದರೆ ಹೊರಬರುವುದು 10/(1+9), ಸರಿಯಾಗಿ ಒಂದು. ಎರರ್ ಸೊನ್ನೆ! Ge ಸೂತ್ರದಲ್ಲಿ ಛೇದ 1−1 ಆಗಿ ಸೊನ್ನೆಯಾಗುತ್ತದೆ, ಇಲ್ಲದ ಇಂಟಿಗ್ರೇಟರ್ ಎಲ್ಲಿಂದಲೋ ಹುಟ್ಟಿಕೊಂಡಂತೆ ಕಾಣುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿವೆ ಅಷ್ಟೆ. ಕರೆಂಟಿನ ವೋಲ್ಟೇಜ್ ಇಳಿದು 10 ಹೋಗಿ 8 ಆದರೆ ಎರರ್ ಸುಮಾರು ಎರಡೂವರೆ ಪರ್ಸೆಂಟ್ ಆಗಿ ಮತ್ತೆ ತಲೆ ಎತ್ತುತ್ತದೆ.

ಸುಳ್ಳಲ್ಲ, ತಡ

ಕೊನೆಯದಾಗಿ ಇನ್ನೊಂದು ಬಗೆಯ ಸೆನ್ಸರ್. ಇದು ಸುಳ್ಳು ಹೇಳುವುದಿಲ್ಲ, ತಡವಾಗಿ ಹೇಳುತ್ತದೆ. ಪೊಟೆನ್ಷಿಯೋಮೀಟರ್‌ನ ವೋಲ್ಟೇಜ್ ನಡುಗುತ್ತದೆ ಎಂದು ಅದಕ್ಕೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ಫಿಲ್ಟರ್ ಮಾಡುವುದು ರೂಢಿ. ಡಯೋಡ್ ತೆಗೆದಿದ್ದೇವೆ, ಫಿಲ್ಟರ್ ಹಾಕಿದ್ದೇವೆ ಎಂದಿಟ್ಟುಕೊಳ್ಳಿ. ಈಗ H ಎಂದರೆ 1/(τs+1). ಇಲ್ಲಿ τ ಫಿಲ್ಟರಿನ ವಿಳಂಬದ ಅಳತೆ, ಸೆಕೆಂಡುಗಳಲ್ಲಿ.

ಕ್ಯಾಮೆರಾ ಒಂದು ಕಡೆ ನಿಂತಾಗ ಫಿಲ್ಟರ್ ಪೂರ್ತಿ ನಿಜವನ್ನೇ ಹೇಳುತ್ತದೆ, ಹಾಗಾಗಿ ಸ್ಟೆಪ್ ಎರರ್ ಸೊನ್ನೆ. ಸೂತ್ರ ಹಾಕಿದರೂ ಇದೇ ಕಾಣುತ್ತದೆ:

```
Ge = 8(τs+1) / ( s[ (s+4)(τs+1) - 8τ ] )
```

ಒಂಟಿ s ಈ ಸಲ ಬದುಕಿ ಉಳಿದಿದೆ. H ನ ಸ್ಥಿರ ಬೆಲೆ ಸರಿಯಾಗಿ ಒಂದಾಗಿದ್ದರೆ ಮಾತ್ರ ಅದು ಉಳಿಯುತ್ತದೆ. ಆದರೆ ಕ್ಯಾಮೆರಾ ಸೆಕೆಂಡಿಗೆ 10 ಡಿಗ್ರಿಯಂತೆ ಒಂದೇ ಸಮನೆ ತಿರುಗುತ್ತಾ ಹೋಗಬೇಕು ಎಂದರೆ, ಅಂದರೆ ರ್‍ಯಾಂಪ್ ಕೊಟ್ಟರೆ, ಬೇರೆ ಆಟ ಶುರುವಾಗುತ್ತದೆ. ಫಿಲ್ಟರ್ ಇಲ್ಲದಾಗ Kv ಎಂದರೆ 8/4, ಎರಡು. ಕ್ಯಾಮೆರಾ ಆಜ್ಞೆಗಿಂತ 10/2, ಐದು ಡಿಗ್ರಿ ಹಿಂದೆ ಬರುತ್ತದೆ. 0.2 ಸೆಕೆಂಡಿನ ಫಿಲ್ಟರ್ ಹಾಕಿದರೆ Kv ಎಂದರೆ 8/(4−1.6), ಸುಮಾರು 3.33. ಕ್ಯಾಮೆರಾ ಮೂರೇ ಡಿಗ್ರಿ ಹಿಂದೆ ಬರುತ್ತದೆ. ವಿಳಂಬ ಸೇರಿಸಿದ್ದಕ್ಕೆ ಹಿಂದೆ ಬೀಳುವುದು ಕಡಿಮೆಯಾಯಿತೇ?

ಹೌದು. ವರದಿ 0.2 ಸೆಕೆಂಡ್ ಹಳೆಯದಾಗಿರುವುದರಿಂದ ಅದು ಯಾವಾಗಲೂ ನಿಜವಾದ ಜಾಗಕ್ಕಿಂತ ಎರಡು ಡಿಗ್ರಿ ಹಿಂದಿನದನ್ನೇ ಹೇಳುತ್ತದೆ. ಕಂಟ್ರೋಲರ್ ಆ ಹಳೇ ವರದಿಯನ್ನು ಆಜ್ಞೆಗಿಂತ ಐದು ಡಿಗ್ರಿ ಹಿಂದೆ ಇಟ್ಟುಕೊಂಡು ಓಡುತ್ತದೆ, ಯಾಕೆಂದರೆ ಮೋಟಾರಿಗೆ ಆ ವೇಗ ಬೇಕೆಂದರೆ ಅಷ್ಟು ವ್ಯತ್ಯಾಸ ಬೇಕೇ ಬೇಕು. ಕ್ಯಾಮೆರಾ ಮಾತ್ರ ವರದಿಗಿಂತ ಎರಡು ಡಿಗ್ರಿ ಮುಂದಿರುತ್ತದೆ. ಐದರಲ್ಲಿ ಎರಡು ಹೋದರೆ ಮೂರು. ಪರದೆ ನೋಡಿದವರಿಗೆ ಇನ್ನೂ ಐದೇ ಕಾಣುತ್ತದೆ. ಫಿಲ್ಟರನ್ನು ಅರ್ಧ ಸೆಕೆಂಡಿಗೆ ಏರಿಸಿದರೆ ನಿಜವಾದ ಎರರ್ ಸೊನ್ನೆಯಾಗುತ್ತದೆ, 0.8 ಸೆಕೆಂಡಿಗೆ ಏರಿಸಿದರೆ ಕ್ಯಾಮೆರಾ ಆಜ್ಞೆಗಿಂತ ಮೂರು ಡಿಗ್ರಿ ಮುಂದೆ ಓಡುತ್ತದೆ.

ಇದನ್ನು ಓದಿ ‘ಫಿಲ್ಟರ್ ಅರ್ಧ ಸೆಕೆಂಡ್ ಇಟ್ಟರೆ ಎರರ್ ಮಾಯ’ ಎಂದು ಫಾರ್ವರ್ಡ್ ಮಾಡುವ ಮೊದಲು ಒಂದು ಲೆಕ್ಕ ನೋಡಿ. ಫಿಲ್ಟರ್ ಇಲ್ಲದಾಗ ಈ ಲೂಪಿನ ಡ್ಯಾಂಪಿಂಗ್ ಅನುಪಾತ ಸುಮಾರು 0.7 ಇತ್ತು, ಕ್ಯಾಮೆರಾ ಬಹುತೇಕ ನೇರವಾಗಿ ಹೋಗಿ ನಿಲ್ಲುತ್ತಿತ್ತು. ಅರ್ಧ ಸೆಕೆಂಡಿನ ಫಿಲ್ಟರ್ ಹಾಕಿದಾಗ ಲೂಪಿನ ಸಮೀಕರಣ s^3 + 6s^2 + 8s + 16 ಆಗುತ್ತದೆ. 6 ಮತ್ತು 8ರ ಗುಣಲಬ್ಧ 48, ಅದು 16ಕ್ಕಿಂತ ದೊಡ್ಡದು, ಹಾಗಾಗಿ ಸ್ಥಿರವೇನೋ ಹೌದು. ಆದರೆ ಓಲಾಡುವ ಜೋಡಿ ಪೋಲ್‌ಗಳ ಡ್ಯಾಂಪಿಂಗ್ ಸುಮಾರು 0.27ಕ್ಕೆ ಕುಸಿದಿರುತ್ತದೆ. ಕ್ಯಾಮೆರಾ ಹೊಸ ಜಾಗಕ್ಕೆ ಹೋದಾಗಲೆಲ್ಲ ನಿಲ್ಲುವ ಮೊದಲು ಹಲವು ಸಲ ಆಚೆ ಈಚೆ ತೂಗಾಡುತ್ತದೆ, ಅಷ್ಟು ಹೊತ್ತೂ ಚಿತ್ರ ಮಸುಕಾಗಿಯೇ ಬರುತ್ತದೆ.